ಅಮ್ಮನಿಗೆ, ದೀಪಾವಳಿ ತಾರೀಖಿನ ವಿಷಯ

ಕ್ವೀನ್ಸ್, ನ್ಯೂಯಾರ್ಕ್
19 ಅಕ್ಟೋಬರ್ 2024

ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪ ಮಾತ್ರೆ ತಪ್ಪಿಸುತ್ತಿಲ್ಲ ತಾನೇ?

ನಿನ್ನ ಪತ್ರ ಓದಿ ನನಗೂ ನಿದ್ದೆ ಬರಲಿಲ್ಲ. ಸುಮಾಳ ಮೊದಲ ದೀಪಾವಳಿ, ಅಳಿಯನನ್ನು ಕರೆದಾಗಿದೆ, ಈಗ ತಾರೀಖೇ ಗೊತ್ತಿಲ್ಲ ಅಂದರೆ ಯಾರಿಗಾದರೂ ಗಾಬರಿಯೇ. ಗೂಗಲ್ ನೋಡಿದ ಬೀಗಿತ್ತಿ 'ದೀಪಾವಳಿ 31ಕ್ಕೆ, ಹಾಗಾದರೆ ಎಣ್ಣೆನೀರು 30ಕ್ಕಾ?' ಎಂದು ಕೇಳಿದ್ದಾರೆ. ನಿನ್ನ ಫೋನಿನ ಪಂಚಾಂಗದ ಆ್ಯಪ್ ಲಕ್ಷ್ಮೀಪೂಜೆ 31 ಅನ್ನುತ್ತಿದೆ. ಗೋಡೆಯ ಕ್ಯಾಲೆಂಡರ್ ಅಮಾವಾಸ್ಯೆ ನವೆಂಬರ್ 1 ಅನ್ನುತ್ತಿದೆ. ಅಮ್ಮ, ಕ್ಯಾಲೆಂಡರ್ ಸರಿ. ಎಣ್ಣೆನೀರು 31ರ ಬೆಳಗಿನ ಜಾವವೇ. ಅಳಿಯ 30ರ ಸಂಜೆ, ನೀರು ತುಂಬುವ ಹೊತ್ತಿಗೆ ಬಂದರೆ ಸಾಕು.

ಗೂಗಲ್ ತೋರಿಸಿದ್ದು ಕೇಂದ್ರ ಸರ್ಕಾರದ ರಜೆಯ ದಿನ. ಅದರಲ್ಲಿ ದೀಪಾವಳಿ ಅಂದರೆ ಉತ್ತರದವರ ಹಾಗೆ ಅಮಾವಾಸ್ಯೆಯ ಸಂಜೆ. ನಮ್ಮ ರಾಜ್ಯದ ಪಟ್ಟಿಯಲ್ಲೂ 31 ಇದೆ, ಆದರೆ ನರಕ ಚತುರ್ದಶಿ ಎಂದು. ತಾರೀಖು ಒಂದೇ, ಹಬ್ಬ ಬೇರೆ. ಬೀಗಿತ್ತಿ ಎಡವಿದ್ದು ಅಲ್ಲೇ.

ಆ್ಯಪಿನ ತಪ್ಪು ನನ್ನದು. ಹೋದ ಸಲ ಬಂದಾಗ ನಾನೇ ಹಾಕಿಕೊಟ್ಟೆ, ಊರು ಬದಲಿಸಲಿಲ್ಲ. ಅದರಲ್ಲಿ 31ರ ಪುಟ ತೆಗೆದು ಸೂರ್ಯೋದಯ ನೋಡು. ಏಳೂಕಾಲು ದಾಟಿದ್ದರೆ ಅದು ನ್ಯೂಯಾರ್ಕ್. ನಮ್ಮೂರಲ್ಲಿ ಆಗ ಆರೂಕಾಲರ ಆಸುಪಾಸು. ಯಾವ ಪಂಚಾಂಗದ ಆ್ಯಪ್ ನೋಡಿದರೂ ಮೊದಲು ಇದನ್ನೇ ನೋಡು. ಪುಟ್ಟನಿಗೆ ಹೇಳಿ ಊರು ಬದಲಿಸಿಕೋ.

ಕ್ಯಾಲೆಂಡರಿನ ಮನೆಯಲ್ಲಿ ಅಚ್ಚಾಗುವುದು ಸೂರ್ಯೋದಯಕ್ಕೆ ಇರುವ ತಿಥಿ. 31ರ ಬೆಳಿಗ್ಗೆ ಚತುರ್ದಶಿ, ಮಧ್ಯಾಹ್ನ 3.52ರ ತನಕ. ಆಮೇಲೆ ಅಮಾವಾಸ್ಯೆ, ಅದು 1ನೇ ತಾರೀಖು ಸಂಜೆ 6.16ರ ತನಕ. ಕೆಲವು ಪಂಚಾಂಗಗಳಲ್ಲಿ ಈ ಸಮಯ ಸ್ವಲ್ಪ ಆಚೀಚೆ ಆಗುತ್ತದೆ. ಒಟ್ಟಿನಲ್ಲಿ ಎರಡು ಸಂಜೆಗೂ ಅಮಾವಾಸ್ಯೆ ತಾಗಿದೆ. 1ಕ್ಕೆ ಸೂರ್ಯ ಮುಳುಗಿದ ಮೇಲೆ ಸುಮಾರು ಇಪ್ಪತ್ತು ನಿಮಿಷ ಮಾತ್ರ. ಲಕ್ಷ್ಮೀಪೂಜೆ ಯಾವತ್ತು ಅನ್ನುವ ಜಗಳ ಹುಟ್ಟಿದ್ದು ಇಲ್ಲೇ. ರಾತ್ರಿಯೆಲ್ಲ ಅಮಾವಾಸ್ಯೆ ಬೇಕು ಅನ್ನುವವರು 31 ಅಂದರು, ಎರಡು ಸಂಜೆ ಸಿಕ್ಕರೆ ಎರಡನೆಯದು ಅನ್ನುವವರು 1 ಅಂದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಲಕ್ಷ್ಮೀಪೂಜೆಗೆ ಮಾತ್ರ ನಮ್ಮ ದೇವಸ್ಥಾನದ ಅರ್ಚಕರನ್ನು ಕೇಳು. ಅವರು ಯಾವ ಪಂಚಾಂಗ ಹಿಡಿಯುತ್ತಾರೆ ಅಂತಲೂ ಕೇಳಿ ಬೀಗರಿಗೆ ಹೇಳಿಬಿಡು. ಎಣ್ಣೆನೀರಿಗೆ ಈ ಜಗಳವೇ ಇಲ್ಲ, 31ರ ಬೆಳಗಿನ ಜಾವ ಚತುರ್ದಶಿ ಗಟ್ಟಿಯಾಗಿದೆ.

ಇಲ್ಲಿ ಅಮಾವಾಸ್ಯೆ 31ರ ಬೆಳಿಗ್ಗೆ 6.22ಕ್ಕೇ ಶುರುವಾಗಿ 1ರ ಬೆಳಿಗ್ಗೆ ಮುಗಿದುಹೋಗುತ್ತದೆ, ಹಾಗಾಗಿ ನಾವು 31ರ ಸಂಜೆಯೇ ಮಾಡುತ್ತೇವೆ. ಒಂದೇ ಚಂದ್ರ, ಗಡಿಯಾರ ಒಂಬತ್ತೂವರೆ ಗಂಟೆ ಹಿಂದೆ. ಒಂದು ತಮಾಷೆ ಕೇಳು, ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ಈ ವರ್ಷ ಮೊದಲ ಸಲ ದೀಪಾವಳಿ ರಜೆ. ಕೊಟ್ಟಿದ್ದು ಮಾತ್ರ ನವೆಂಬರ್ 1ಕ್ಕೆ! ನಮ್ಮ ಪಾಪುಗೆ ಹಬ್ಬದ ಮರುದಿನ ರಜೆ. ಕೊಟ್ಟಿದ್ದಾರಲ್ಲ, ಅದೇ ದೊಡ್ಡದು ಬಿಡು.

ಹಬ್ಬಕ್ಕಿಂತ ಜಾಸ್ತಿ ನನಗೆ ಚಿಂತೆ ಹಣದ್ದು. ಅಳಿಯನ ಉಂಗುರಕ್ಕೆ ಅಪ್ಪ ಬ್ಯಾಂಕಿಗೆ ಹೋಗಬೇಕು ಅಂದಿದ್ದೀ. ರಜೆಯ ತಾರೀಖಿಗೆ ಯಾರ ವಾಟ್ಸಾಪನ್ನೂ ನಂಬಬೇಡ. ನನಗೂ ಒಂದು ಪಟ್ಟಿ ಬಂದಿತ್ತು, ಅದರಲ್ಲಿ ಅಕ್ಟೋಬರ್ 31 ಮಂಗಳವಾರ ಅಂತಿತ್ತು. ಈ ವರ್ಷ ಅದು ಗುರುವಾರ. ಹೋದ ವರ್ಷದ್ದನ್ನೇ ಯಾರೋ ತಿರುಗಿ ಕಳಿಸಿದ್ದಾರೆ. ವಾರ ಹೊಂದದಿದ್ದರೆ ಆ ಪಟ್ಟಿ ಬಿಸಾಡು. ಬ್ಯಾಂಕಿಗೆ ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ಊರುವಾರು ಪಟ್ಟಿ ಇದೆ, ಬೆಂಗಳೂರು ಅಂತ ಇರುವುದನ್ನು ನೋಡಬೇಕು. ನಾನು ನೋಡಿದೆ. 31 ನರಕ ಚತುರ್ದಶಿ, 1 ರಾಜ್ಯೋತ್ಸವ, 2 ಬಲಿಪಾಡ್ಯಮಿ, 3 ಭಾನುವಾರ. ನಾಲ್ಕು ದಿನ ಬಾಗಿಲು ಮುಚ್ಚಿರುತ್ತದೆ. ರಾಜ್ಯ ಸರ್ಕಾರದ ಸಾರ್ವತ್ರಿಕ ರಜೆಯ ಅಧಿಸೂಚನೆಯೂ ಇದಕ್ಕೆ ಹೊಂದುತ್ತದೆ. ಅಪ್ಪ 29ಕ್ಕೇ ಹೋಗಿ ಬರಲಿ. 30ಕ್ಕೆ ಬ್ಯಾಂಕ್ ಇರುತ್ತದೆ, ಆದರೆ ಊರೆಲ್ಲ ಅವತ್ತೇ ನಿಂತಿರುತ್ತದೆ. ಎಟಿಎಂ ನಂಬಿ ಕೂರುವುದು ಬೇಡ.

ನೀನು ಏನೂ ತಲೆ ಕೆಡಿಸಿಕೊಳ್ಳಬೇಡ. ಹಣ ಸೋಮವಾರ ಹಾಕುತ್ತೇನೆ, ಬುಧವಾರದೊಳಗೆ ಬರುತ್ತದೆ, ಬರದಿದ್ದರೆ ಮತ್ತೆ ಹಾಕುತ್ತೇನೆ, ನಿಜವಾಗಿಯೂ ನನಗೇನೂ ತೊಂದರೆ ಇಲ್ಲ. ಬೀಗಿತ್ತಿಗೆ ಇವತ್ತೇ ಫೋನ್ ಮಾಡು. 'ಗೂಗಲ್ ತಪ್ಪು' ಅನ್ನಬೇಡ, ಸುಮ್ನೆ '30ರ ಸಂಜೆ ಬನ್ನಿ' ಅಂದುಬಿಡು.

ಪಾಪು ಎದ್ದಿದೆ. ಸುಮಾಗೆ ಹೇಳು. ಉಳಿದದ್ದು ಭಾನುವಾರ ಫೋನಿನಲ್ಲಿ.

ನಿನ್ನ,
ರಘು