ಉತ್ತರ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ

ಮಾನ್ಯರೇ,

ಹಬ್ಬಕ್ಕೆ ನೆಂಟರು ಸೇರಿದಾಗ ‘ಮದುವೆ ಯಾವಾಗ?’ ಅನ್ನುವ ಪ್ರಶ್ನೆ ಯಾಕೆ ಮುಗಿಯುವುದೇ ಇಲ್ಲ ಗೊತ್ತಾ? ತಪ್ಪು ಅಡುಗೆಮನೆಯದ್ದು. ಚಿಕ್ಕಮ್ಮ ಕೇಳುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಕುಕ್ಕರ್ ಕೂಗುತ್ತದೆ, ಅವರು ಎದ್ದು ಓಡುತ್ತಾರೆ. ಅದೇ ಜಾಗಕ್ಕೆ ಕೈ ಒರೆಸಿಕೊಳ್ಳುತ್ತಾ ಅತ್ತೆ ಬಂದು ಕೂರುತ್ತಾರೆ. ಪ್ರಶ್ನೆ ಮತ್ತೆ ಮೊದಲಿಂದ. ಹೀಗೆ ಪಾಳಿ ಬದಲಾಗುತ್ತಲೇ ಇರುತ್ತದೆ, ಪೂರ್ತಿ ಉತ್ತರ ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. (ದೊಡ್ಡಪ್ಪನಿಗೆ ಅಡುಗೆ ಕೆಲಸವಿಲ್ಲ. ಅವರು ಸುಮ್ನೆ ಕೇಳುತ್ತಾರೆ.)

ಒಳಗಿನ ಕೆಲಸವಾದರೂ ಮುಗಿಯುತ್ತದಾ? ಹತ್ತು ಜನಕ್ಕೆ ಅಂತ ಶುರುವಾದ ಅಡುಗೆ ‘ಯಾರಾದ್ರೂ ಬಂದ್ರೆ?’ ಎಂಬ ಒಂದೇ ಮಾತಿಗೆ ಊರಿಗಾಗುವಷ್ಟಾಗುತ್ತದೆ. ಉಪ್ಪು ನೋಡಲು ಬಂದವರೆಲ್ಲ ಒಂದೊಂದು ಚಿಟಿಕೆ ಹಾಕಿ ಹೋಗುತ್ತಾರೆ. ಆಮೇಲೆ ನೀರು ಬೆರೆಸಬೇಕು, ನೀರು ಜಾಸ್ತಿಯಾಯಿತೆಂದು ಮತ್ತೆ ಕುದಿಸಬೇಕು, ಅಷ್ಟರಲ್ಲಿ ಪಾತ್ರೆ ಸಾಲದೆ ಅದಕ್ಕಿಂತ ದೊಡ್ಡದನ್ನು ಅಟ್ಟದಿಂದ ಇಳಿಸಬೇಕು. ಮಧ್ಯಾಹ್ನದ ಊಟ ಸಂಜೆಗೆ ಸಿಕ್ಕರೆ ಪುಣ್ಯ.

ಈ ಸಲ ‘ಇನ್ನೂ ಇಲ್ಲ’ ಅಂತ ದೊಡ್ಡದಾಗಿ ಬರೆದು ಅಡುಗೆಮನೆ ಬಾಗಿಲಿಗೇ ಅಂಟಿಸುತ್ತೇನೆ. ‘ಯಾಕೆ ಇಲ್ಲ?’ ಅಂತ ಶುರುವಾಗುತ್ತದೆ, ಅಲ್ವಾ? ಅದಕ್ಕೆ ಇನ್ನೊಂದು ಹಾಳೆ ಇಟ್ಟುಕೊಂಡಿದ್ದೇನೆ.

— ಒಬ್ಬ ಅವಿವಾಹಿತ ಓದುಗ