ನನ್ನ ಅಂಗಡಿಯ ಮ್ಯಾಪ್ ಪ್ರೊಫೈಲ್ ನನಗೆ ಒಪ್ಪಿಸುವ ಬಗ್ಗೆ

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ 'ಕಂಪ್ಲೇಂಟ್ ತಗೊಂಡಿದ್ದೀವಿ ಸರ್' ಅಂದಿರಿ. ಅದಕ್ಕೇ ಈ ಪತ್ರ.

ಗೂಗಲ್ ಮ್ಯಾಪ್‌ನಲ್ಲಿ ನನ್ನ ಅಂಗಡಿಯ ಪ್ರೊಫೈಲ್ ಮಾಡಿಕೊಡಿ ಅಂತ ನಿಮಗೆ ದುಡ್ಡು ಕೊಟ್ಟೆ. ವೆರಿಫಿಕೇಶನ್ ವಿಡಿಯೊಗೆ ನಿಮ್ಮ ಹುಡುಗ ಬಂದಾಗ ಬೋರ್ಡು ತೋರಿಸಿ, ಬೀಗ ತೆಗೆದು ಒಳಗೆ ಕರೆದವನು ನಾನು. ಆದರೆ ಪ್ರೈಮರಿ ಓನರ್ ಆಗಿ ಕೂತಿರುವುದು ನಿಮ್ಮ ಇಮೇಲ್. ನನಗೆ ಮ್ಯಾನೇಜರ್ ಹಕ್ಕೂ ಇಲ್ಲ.

ಕಳೆದ ತಿಂಗಳು ಎರಡು ದಿನ ಅಂಗಡಿ ಮುಚ್ಚಬೇಕಿತ್ತು. ಒಂದು ವಾರ ಮೊದಲೇ ತಿಳಿಸಿದ್ದೆ. ವಾರದ ಮಾಮೂಲಿ ಸಮಯ ಮುಟ್ಟುವುದೇ ಬೇಡ, ವಿಶೇಷ ಸಮಯದಲ್ಲಿ ಆ ಎರಡು ತಾರೀಕು ಹಾಕಿ 'ಮುಚ್ಚಿದೆ' ಅಂತ ಕೊಟ್ಟರೆ ಸಾಕು. ಎರಡು ನಿಮಿಷದ ಕೆಲಸ, ನಿಮಗೆ ಗೊತ್ತಿರದ್ದಲ್ಲ. ನೀವು ಮಾಡಲಿಲ್ಲ. ಕೊನೆಗೆ ನಾನೇ ದಾರಿಹೋಕನ ಹಾಗೆ 'ತಿದ್ದುಪಡಿ ಸೂಚಿಸಿ' ಒತ್ತಿದೆ. ಅದು ಪರಿಶೀಲನೆಯಲ್ಲೇ ಉಳಿಯಿತು. ಒಬ್ಬರು ದೂರದಿಂದ ಬಂದು ಬೀಗ ನೋಡಿ ಒಂದು ಸ್ಟಾರ್ ಕೊಟ್ಟರು. ಅದಕ್ಕೆ ನನ್ನ ಅಂಗಡಿಯ ಹೆಸರಲ್ಲಿ ನೀವು ಬರೆದ ಉತ್ತರ: 'ನಿಮ್ಮ ಒಳ್ಳೆಯ ಮಾತುಗಳಿಗೆ ಧನ್ಯವಾದ! ಮತ್ತೆ ಬನ್ನಿ!' ಅವರ ರಿವ್ಯೂ ಅಳಿಸಲು ನನಗಾಗಲಿ ನಿಮಗಾಗಲಿ ಆಗದು, ಒಪ್ಪುತ್ತೇನೆ. ಆದರೆ ಆ ಉತ್ತರ ನಿಮ್ಮದು. ತಿದ್ದಬಹುದು, ಅಳಿಸಲೂಬಹುದು. ಇವತ್ತಿಗೂ ಹಾಗೇ ಇದೆ.

ಮೊನ್ನೆ ಫೋನ್ ಮಾಡಿದೆ, ಸ್ಪೀಕರ್‌ನಲ್ಲಿ. ಎದುರಿಗೆ ಇಬ್ಬರು ಗಿರಾಕಿಗಳು ನಿಂತಿದ್ದರು.

'ಸರ್, ಉತ್ತರ ಬದಲಿಸೋಕೆ ಓನರ್ ಅನುಮತಿ ಬೇಕು.'

'ಓನರ್ ನಾನೇ ಅಲ್ವೇನಮ್ಮಾ?'

'ಸಿಸ್ಟಮ್‌ನಲ್ಲಿ ನಿಮ್ಮ ಹೆಸರಿಲ್ಲ ಸರ್.'

'ಮತ್ತೆ ಯಾರದ್ದಿದೆ?'

ಸ್ವಲ್ಪ ಹೊತ್ತು ಕೀಬೋರ್ಡ್ ಸದ್ದು. 'ನಮ್ಮದೇ ಇದೆ ಸರ್.'

'ಹಾಗಾದ್ರೆ ನಿಮ್ಮ ಅನುಮತಿ ನೀವೇ ತಗೊಳ್ಳಿ.'

'ಅದಕ್ಕೆ ನೀವು ಓನರ್ ಅಂತ ಪ್ರೂಫ್ ಕಳಿಸಬೇಕು ಸರ್.'

ಗಿರಾಕಿಗಳಲ್ಲೊಬ್ಬರು ನಕ್ಕರು. ತಪ್ಪೇನಿಲ್ಲ, ಬೇರೆಯವರ ಅಂಗಡಿಯಾಗಿದ್ದರೆ ನಾನೂ ನಗುತ್ತಿದ್ದೆ.

ಫೋಟೋಗಳ ವಿಷಯ ಜಾಸ್ತಿ ಬರೆಯುವುದಿಲ್ಲ. ನಾನು ಕಳಿಸಿದ ಹದಿನಾಲ್ಕು ಬಿಟ್ಟು, ಎಲ್ಲಿಂದಲೋ ತಂದ ಗಾಜಿನ ಕಟ್ಟಡ ಹಾಕಿದ್ದೀರಿ. ಜನ ಅದನ್ನು ಹುಡುಕುತ್ತಾ ನನ್ನ ಬಾಗಿಲು ದಾಟಿ ಹೋಗುತ್ತಾರೆ.

ನನ್ನ ಇಮೇಲ್ ಸೇರಿಸಿ ಓನರ್ ಮಾಡಿ. ಹೊಸದಾಗಿ ಸೇರಿದವರಿಗೆ ಪ್ರೈಮರಿ ಪಟ್ಟ ಕೊಡಲು ಏಳು ದಿನ ಕಾಯಬೇಕು ಅನ್ನುವುದು ಗೊತ್ತು, ಕಾಯುತ್ತೇನೆ. ಆಮೇಲೆ ಪಟ್ಟ ಬಿಟ್ಟುಕೊಟ್ಟು ನೀವು ಹೊರಡಿ. ಇಲ್ಲವಾದರೆ ನಾನೇ ಮಾಲೀಕತ್ವದ ವಿನಂತಿ ಹಾಕುತ್ತೇನೆ. ಗಿರಾಕಿಯ ಪ್ರೊಫೈಲ್ ಹಿಡಿದಿಟ್ಟುಕೊಂಡ ಏಜೆನ್ಸಿ ಅಂತ ಗೂಗಲ್‌ಗೂ ದೂರು ಕೊಡುತ್ತೇನೆ.

ಅಂದಹಾಗೆ, ಮ್ಯಾಪ್‌ನಲ್ಲಿ ನಿಮ್ಮ ಆಫೀಸನ್ನೂ ನೋಡಿದೆ. '24 ಗಂಟೆ ತೆರೆದಿದೆ' ಅಂತಿದೆ. ನಿನ್ನೆ ಸಂಜೆ ಏಳಕ್ಕೆ ಬಂದಿದ್ದೆ, ಬೀಗ ಹಾಕಿತ್ತು. ಫೋಟೋ ತೆಗೆದಿಟ್ಟಿದ್ದೇನೆ, ರಿವ್ಯೂನೂ ಬರೆದಿಟ್ಟಿದ್ದೇನೆ. ಒತ್ತುವುದೊಂದೇ ಬಾಕಿ.

ಇಂತಿ,
ಸಿಸ್ಟಮ್‌ನಲ್ಲಿ ಹೆಸರಿಲ್ಲದ ಮಾಲೀಕ