ಪೋಷಕರಿಗೆ ಪತ್ರ: ಆ ವಿಡಿಯೊ ಕಾಲ್ ಸ್ಕ್ರೀನ್‌ಶಾಟ್ ಬಗ್ಗೆ

ಪೋಷಕರೇ, ನಮಸ್ಕಾರ.

ಕಳೆದ ವಾರ ಬಿಸಿಯೂಟದ ಹೊತ್ತಿಗೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮ ನನ್ನ ವಾಟ್ಸಾಪಿಗೆ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. "ಸರ್, ಇದು ನಿಜಾನಾ? ನಮ್ಮ ಯಜಮಾನ್ರು ಎರಡು ಗಂಟೆಯಿಂದ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದಾರೆ." ಯಾರಿಗೂ ಹೇಳಬಾರದು ಅಂತ ವಿಡಿಯೊ ಕಾಲ್‌ನಲ್ಲಿ ಪೊಲೀಸ್ ಅಂತ ಹೇಳಿಕೊಂಡ ಮೋಸಗಾರ ಹೆದರಿಸಿದ್ದರೂ ಅವರು ಹೇಗೋ ಅದೊಂದು ಚಿತ್ರವನ್ನು ಹೆಂಡತಿಗೆ ಕಳಿಸಿದ್ದರು. ಅದೇ ಅವರನ್ನು ಉಳಿಸಿತು. ಅವರನ್ನು ಕೇಳಿಯೇ, ಹೆಸರು ಹಾಕದೆ ಇದನ್ನು ಬರೆಯುತ್ತಿದ್ದೇನೆ.

ಚಿತ್ರದಲ್ಲಿ ಖಾಕಿ ಹಾಕಿದವನೊಬ್ಬ, ಹಿಂದೆ ಬಾವುಟ, ಗೋಡೆ ಮೇಲೆ ಮುಂಬೈ ಪೊಲೀಸ್ ಲಾಂಛನ. ಮೂಲೆಯ ಸಣ್ಣ ಚೌಕದಲ್ಲಿ ಬೆವೆತ ಮುಖದ ನಮ್ಮ ಪೋಷಕರು. ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆದರೆ ಸಮವಸ್ತ್ರ ಬಾಡಿಗೆಗೆ ಸಿಗುತ್ತದೆ, ಲಾಂಛನವನ್ನು ಪ್ರಿಂಟ್ ತೆಗೆದು ಅಂಟಿಸಬಹುದು. ಹಾಗಾಗಿ ಅದನ್ನು ಬಿಟ್ಟು ಚಿತ್ರದ ಮೇಲ್ಗಡೆ ನಂಬರ್ ಇರುವ ಸಾಲು ನೋಡಿ. ಅಲ್ಲಿದ್ದ ನಂಬರ್ +91 ಇಂದ ಶುರುವಾಗಿರಲಿಲ್ಲ, ಅಂದರೆ ನಮ್ಮ ದೇಶದ ನಂಬರೇ ಅಲ್ಲ. ಹಾಗಂತ +91 ಇದ್ದರೆ ಅಸಲಿ ಅಂತಲೂ ಅಲ್ಲ, ಮೋಸಗಾರರ ಹತ್ತಿರ ನಮ್ಮ ಸಿಮ್‌ಗಳೂ ಇರುತ್ತವೆ.

ಜಾಸ್ತಿ ಗಟ್ಟಿಯಾದ ಗುರುತು ಬೇರೆ ಇದೆ. ನಿಜವಾಗಿ ಬಂಧಿಸುವ ಪೊಲೀಸರು ಎದುರಿಗೆ ಬರಬೇಕು. ಬಂಧನದ ಪತ್ರಕ್ಕೆ ಮನೆಯವರ ಅಥವಾ ಊರಿನ ಒಬ್ಬರ ಸಾಕ್ಷಿ ಸಹಿ ಹಾಕಿಸಬೇಕು, ಬಂಧಿಸಿದ ವಿಷಯವನ್ನು ಮನೆಯವರಿಗೆ ತಿಳಿಸಬೇಕು. ಕಾನೂನು ಮನೆಯವರಿಗೆ ಹೇಳು ಅನ್ನುತ್ತದೆ, ಈ ಕಳ್ಳ ಮನೆಯವರಿಗೆ ಹೇಳಬೇಡ ಅನ್ನುತ್ತಾನೆ. ಯಾಕೆ ಗೊತ್ತಾ? ಪಕ್ಕದಲ್ಲಿ ಇನ್ನೊಬ್ಬರು ಕೂತು ಕೇಳಿದರೆ ಅವನ ಆಟ ಅಲ್ಲಿಗೇ ಮುಗಿಯುತ್ತದೆ. ವಿಡಿಯೊ ಕಾಲ್‌ನಲ್ಲಿ ಬಂಧಿಸುವ "ಡಿಜಿಟಲ್ ಅರೆಸ್ಟ್" ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಕಥೆ ಶುರುವಾಗಿದ್ದು ಹೀಗೆ: "ನಿಮ್ಮ ಆಧಾರ್ ಹಾಕಿ ಕಳಿಸಿದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ." ಆಮೇಲೆ ಕಾಲ್ ಇನ್ನೊಬ್ಬ "ಸಾಹೇಬ"ನಿಗೆ ಹೋಯಿತು. ಕೊನೆಗೆ, ಖಾತೆಯಲ್ಲಿದ್ದ ಅಡಿಕೆ ಮಾರಿದ 1,80,000 ರೂಪಾಯಿಯನ್ನು ರಿಸರ್ವ್ ಬ್ಯಾಂಕ್ ಪರಿಶೀಲನೆಗೆ ಕಳಿಸಿ, ಸಂಜೆ ವಾಪಸ್ ಬರುತ್ತದೆ ಅಂದ. ಆದರೆ ಅವನು ಕೊಟ್ಟ ಖಾತೆ ಯಾರದೋ ಒಬ್ಬ ವ್ಯಕ್ತಿಯ ಹೆಸರಲ್ಲಿತ್ತು.

ನಾನು ಆ ತಾಯಿಗೆ ಫೋನ್ ಮಾಡಿ, ಬಾಗಿಲು ಬಡಿದು ಒಳಗೆ ಹೋಗಿ ಕೆಂಪು ಬಟನ್ ಒತ್ತಿ ಅಂದೆ. ಒತ್ತಿದರು. ಮತ್ತೆ ಮತ್ತೆ ಬೇರೆ ಬೇರೆ ನಂಬರಿನಿಂದ ಕಾಲ್ ಬಂತು, ಎಲ್ಲವನ್ನೂ ಬ್ಲಾಕ್ ಮಾಡಿದರು. ಮನೆಗೆ ಯಾರೂ ಬರಲಿಲ್ಲ.

ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಯಿಂದ ಸುಮ್ನೆ ಕೂರಬೇಡಿ, ಆಗಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ದುಡ್ಡನ್ನು ಕಳ್ಳರು ಬೇಗ ಬೇಗ ಬೇರೆ ಖಾತೆಗಳಿಗೆ ದಾಟಿಸುತ್ತಾರೆ, ಅಷ್ಟರೊಳಗೆ ದೂರು ಮುಟ್ಟಿದರೆ ಬ್ಯಾಂಕಿನಲ್ಲಿ ತಡೆಯಲು ಆಗಬಹುದು. ಹಣ ಕಳಿಸಿದ ಸಮಯ, ವಹಿವಾಟಿನ ನಂಬರ್, ಸ್ಕ್ರೀನ್‌ಶಾಟ್ ಕೈಯಲ್ಲಿರಲಿ, ಏನನ್ನೂ ಅಳಿಸಬೇಡಿ. ದೂರನ್ನು cybercrime.gov.in ನಲ್ಲೂ ಕೊಡಬಹುದು. ಆ ಚಿತ್ರವನ್ನು ಮಾತ್ರ ಊರ ಗ್ರೂಪಿಗೆ ಹಾಕಬೇಡಿ, ಮೂಲೆಯ ಚೌಕದಲ್ಲಿ ನಿಮ್ಮವರ ಮುಖ ಇರುತ್ತದೆ ಅಲ್ವಾ.

ಇಂಥ ಕಾಲ್ ಬಂದರೆ ಕಟ್ ಮಾಡಿ ನನಗೆ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ